ಓಡಿದ್ದು ಹಾಡೋ, ದೋಸೆಯೋ?

1999ರಲ್ಲಿ ತೆರೆಕಂಡ ‘ಉಪೇಂದ್ರ’ ಚಿತ್ರದಲ್ಲಿ ಗುರುಕಿರಣ್ ಸಂಗೀತದ ‘ಏನಿಲ್ಲ ಏನಿಲ್ಲ’ ಎಂಬ ಹಾಡಿದೆ. ಎರಡು ದಶಕಕ್ಕೂ ಹೆಚ್ಚು ಕಾಲ ಅದು ಹಳೆಯ ಹಿಟ್ ಹಾಡುಗಳ ಸಾಲಿನಲ್ಲಿ ತನ್ನ ಪಾಡಿಗೆ ತಾನಿತ್ತು. 2024ರ ಆರಂಭದಲ್ಲಿ ಅದರ ಒಂದು ತುಣುಕು ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ ಎದ್ದು ಕೂತಿತು. ಕೆಲವು ವಾರ ಯಾರ ಫೋನಿನಲ್ಲೂ ಅದೇ ಸದ್ದು. ಆಮೇಲೆ ಬಂದಷ್ಟೇ ಬೇಗ ಇಳಿದೂಹೋಯಿತು.

ಈ ನಡುವೆ ಹಾಡಿನಲ್ಲಿ ಏನೂ ಬದಲಾಗಿರಲಿಲ್ಲ. ಅದೇ ರಾಗ, ಅದೇ ದನಿ. 2023ರಲ್ಲಿ ಅದನ್ನೇ ಹಾಕಿ ರೀಲ್ ಮಾಡಿದವರೂ ಇದ್ದಿರಬೇಕು. ಅವರ ಪಾಲಿಗೆ ಅದು ಬರೀ ಹಳೆಯ ಹಾಡು. ಅಂದರೆ ‘ಟ್ರೆಂಡಿಂಗ್ ಆಡಿಯೊ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರೊಳಗೆ ಒಂದಕ್ಕಿಂತ ಹೆಚ್ಚು ಸಂಗತಿಗಳು ಸೇರಿಕೊಂಡಿವೆ. ಕಿವಿಗೆ ಬೀಳುವ ಸದ್ದು ಒಂದು. ರೀಲ್‌ಗೆ ಅಂಟಿಕೊಂಡ ಆಡಿಯೊದ ಗುರುತು ಇನ್ನೊಂದು: ಹೆಸರಿನ ಪಕ್ಕದಲ್ಲಿ ಮೇಲ್ಮುಖ ಬಾಣ ಕಾಣುತ್ತದಲ್ಲ, ಅದು; ಆ ಹೆಸರನ್ನು ಒತ್ತಿದರೆ ಅದೇ ಆಡಿಯೊ ಬಳಸಿದ ಉಳಿದ ರೀಲ್‌ಗಳೆಲ್ಲ ತೆರೆದುಕೊಳ್ಳುತ್ತವೆ. ಇವೆರಡರ ಜೊತೆಗೆ, ಆ ವಾರ ಜನರ ಬಾಯಲ್ಲಿ ಆ ಹಾಡು ಇದ್ದೇ ಇರುವ ಅಲೆ. ಇಷ್ಟನ್ನೂ ಹೊತ್ತ ಮೇಲೆ ಪರದೆಯ ಮೇಲೆ ದೃಶ್ಯ ಬೇರೆ ಓಡುತ್ತಿರುತ್ತದೆ. ರೀಲ್ ಹತ್ತು ಸಾವಿರ ಜನರನ್ನು ಮುಟ್ಟಿತು ಎನ್ನಿ. ಅದರಲ್ಲಿ ಆಡಿಯೊದ ಪಾಲೆಷ್ಟು?

ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಟ್ರೆಂಡಿಂಗ್ ಆಡಿಯೊ ಇರುವ ಸಾವಿರ ರೀಲ್ ಮತ್ತು ಇಲ್ಲದ ಸಾವಿರ ರೀಲ್ ತೆಗೆದುಕೊಂಡು ಸರಾಸರಿ ಹೋಲಿಸುವುದು. ಮೊದಲ ಗುಂಪು ಗೆಲ್ಲುತ್ತದೆ, ಅನುಮಾನವಿಲ್ಲ. ಆದರೆ ಆ ಗೆಲುವು ಏನನ್ನೂ ಹೇಳುವುದಿಲ್ಲ. ಆಡಿಯೊ ಟ್ರೆಂಡಿಂಗ್ ಆಗುವುದೇ ಅದನ್ನು ಬಳಸಿದ ಕೆಲವು ರೀಲ್‌ಗಳು ಜೋರಾಗಿ ಓಡಿದ್ದರಿಂದ. ಜಾತ್ರೆ ನೆರೆದ ಕಡೆಯಲ್ಲೆಲ್ಲ ಕಡಲೆಪುರಿ ಅಂಗಡಿ ಇದೆ ಎಂದು ನೋಡಿ, ಕಡಲೆಪುರಿಯೇ ಜಾತ್ರೆ ಕೂಡಿಸಿತು ಎಂದಂತಾಯಿತು. ಇದಲ್ಲದೆ, ಯಾವ ಆಡಿಯೊ ಏಳುತ್ತಿದೆ ಎಂದು ಮೂಗಿನಲ್ಲೇ ಹಿಡಿಯುವವರು ಸಾಮಾನ್ಯವಾಗಿ ಬೆಳಕು, ಕಟ್, ಮೊದಲ ಮೂರು ಸೆಕೆಂಡ್ ಎಲ್ಲವನ್ನೂ ಬಲ್ಲವರು. ಇನ್ನೊಂದು ತೊಡಕು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಬಿಸಿನೆಸ್ ಖಾತೆಗಳಿಗೆ ಬಹುಪಾಲು ಸಿನಿಮಾ ಹಾಡುಗಳು ಸಿಗುವುದೇ ಇಲ್ಲ. ಹಕ್ಕಿನ ಒಪ್ಪಂದಗಳು ಹಾಗಿವೆ. ಹೀಗಾಗಿ ಮೇಲಿನ ಹೋಲಿಕೆಯಲ್ಲಿ ಒಂದು ಕಡೆ ಹಾಡಿ ಕುಣಿಯುವ ವ್ಯಕ್ತಿಗಳು, ಇನ್ನೊಂದು ಕಡೆ ಸೋಫಾ ಮಾರುವ ಅಂಗಡಿಗಳು ಜಮೆಯಾಗುತ್ತವೆ. ವ್ಯತ್ಯಾಸ ಕಂಡದ್ದು ಆಡಿಯೊದಲ್ಲೋ, ಸೋಫಾದಲ್ಲೋ?

ಹಾಗಾದರೆ ಒಂದೇ ಖಾತೆಯೊಳಗೆ ಅಳೆಯೋಣ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹುಯ್ಯುವ ಹೋಟೆಲೊಂದನ್ನು ಕಲ್ಪಿಸಿಕೊಳ್ಳಿ. ಮಾಲೀಕರ ಮಗಳು ತನ್ನ ಸ್ವಂತ ಖಾತೆಯಲ್ಲಿ ದಿನಕ್ಕೊಂದು ರೀಲ್ ಹಾಕುತ್ತಾಳೆ, ನಾಲ್ಕು ಸಾವಿರ ಫಾಲೋವರ್ಸ್ ಇದ್ದಾರೆ. (ಹೋಟೆಲೂ ಮುಂದೆ ಬರುವ ಅದರ ಅಂಕಿಗಳೂ ಲೆಕ್ಕ ತೋರಿಸಲು ನಾನೇ ಕಟ್ಟಿದವು.)

ಅವಳಿಗೆ ಮೊದಲು ಹೊಳೆಯುವುದು ಒಂದೇ ವಿಡಿಯೊವನ್ನು ಎರಡು ಸಲ ಹಾಕುವ ಉಪಾಯ: ಒಮ್ಮೆ ಟ್ರೆಂಡಿಂಗ್ ಹಾಡಿನೊಂದಿಗೆ, ಒಮ್ಮೆ ಕಾವಲಿಯ ಚುಂಯ್ ಸದ್ದಿನೊಂದಿಗೆ. ದೃಶ್ಯ ಒಂದೇ ಆದ್ದರಿಂದ ಉಳಿದ ವ್ಯತ್ಯಾಸವೆಲ್ಲ ಆಡಿಯೊದ್ದೇ ಎಂಬ ಎಣಿಕೆ. ಕಾಗದದ ಮೇಲೆ ಸರಿ. ಆದರೆ ಒಂದೇ ವಿಡಿಯೊದ ಹಲವು ಪ್ರತಿ ಕಂಡರೆ ಮೂಲವನ್ನಷ್ಟೇ ಶಿಫಾರಸು ಮಾಡುವುದಾಗಿ ಇನ್‌ಸ್ಟಾಗ್ರಾಂ 2024ರ ಏಪ್ರಿಲ್‌ನಲ್ಲಿ ಹೇಳಿತು. ಪ್ರತಿಯೋ ಅಲ್ಲವೋ ಎಂಬುದನ್ನು ದೃಶ್ಯ ಮತ್ತು ಸದ್ದು ಎರಡನ್ನೂ ನೋಡಿ ತೀರ್ಮಾನಿಸುತ್ತದಂತೆ. ಆಗ ಎರಡನೆಯ ರೀಲ್ ಸೋತರೆ ಅದು ಆಡಿಯೊದಿಂದ ಸೋತಿತೋ, ನಕಲೆಂದು ಸೋತಿತೋ ತಿಳಿಯದು. ಫಾಲೋವರ್ಸ್ ಕೂಡ ‘ನಿನ್ನೆ ನೋಡಿದ್ದೇ ಅಲ್ಲವಾ’ ಎಂದು ಬೆರಳಾಡಿಸಿ ಮುಂದೆ ಹೋಗುತ್ತಾರೆ.

ಆದ್ದರಿಂದ ಜೋಡಿ ಕಟ್ಟಬೇಕು. ಒಂದೇ ಬೆಳಗ್ಗೆ, ಅದೇ ಕಾವಲಿಯ ಮೇಲೆ, ಸರಿಸುಮಾರು ಒಂದೇ ಉದ್ದದ, ಒಂದೇ ಬಗೆಯ ಎರಡು ವಿಡಿಯೊ. ಎರಡನ್ನೂ ಪೂರ್ತಿ ಎಡಿಟ್ ಮಾಡಿ ಮುಗಿಸಿದ ಮೇಲೆ ನಾಣ್ಯ ಚಿಮ್ಮಿ ಯಾವುದಕ್ಕೆ ಹಾಡು ಎಂದು ತೀರ್ಮಾನಿಸಬೇಕು. ಯಾವುದು ಮೊದಲು ಹೋಗಬೇಕೆಂಬುದಕ್ಕೂ ಇನ್ನೊಮ್ಮೆ ನಾಣ್ಯ. ಇಲ್ಲಿ ನಾಣ್ಯದ ಕೆಲಸ ದೊಡ್ಡದು. ಅದಿಲ್ಲದಿದ್ದರೆ ಚೆನ್ನಾಗಿ ಬಂದ ವಿಡಿಯೊಗೇ ಹಾಡು ಹಾಕಲು ಕೈ ಹೋಗುತ್ತದೆ, ತನಗೇ ತಿಳಿಯದಂತೆ. ನಾಣ್ಯಕ್ಕೆ ದೋಸೆ ಎಷ್ಟು ಗರಿಯಾಗಿದೆ ಎಂಬುದು ಕಾಣುವುದಿಲ್ಲ.

ಏನನ್ನು ಎಣಿಸುವುದು ಎಂಬುದನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ವ್ಯೂಸ್ ಬೇಡ. ಒಬ್ಬನೇ ಮೂರು ಸಲ ನೋಡಿದರೆ ಅದು ಮೂರು ವ್ಯೂ, ರೀಚ್ ಮಾತ್ರ ಒಂದೇ. ಕಿವಿಗೆ ಹಿತವಾದ ಹಾಡು ಕೊನೆಯಿಂದ ಮೊದಲಿಗೆ ಜಾರಿ ಮತ್ತೆ ಓಡುವುದರಿಂದ ವ್ಯೂಸ್ ಉಬ್ಬುತ್ತದೆ, ಹೊಸ ಜನ ಬಂದಿರುವುದಿಲ್ಲ. ಹಾಗಾಗಿ ಇನ್‌ಸೈಟ್ಸ್‌ನಲ್ಲಿ ಸಿಗುವ ರೀಚ್, ಅದರಲ್ಲೂ ಫಾಲೋವರ್ಸ್ ಅಲ್ಲದವರ ರೀಚ್, ಪೋಸ್ಟ್ ಮಾಡಿದ 72 ಗಂಟೆಗೆ ಸರಿಯಾಗಿ. ‘ಇನ್ನೊಂದು ದಿನ ನೋಡೋಣ, ಏರುತ್ತಿದೆ’ ಎನ್ನಬಾರದು. ಏರುತ್ತಿರುವುದಕ್ಕೆ ಮಾತ್ರ ಇನ್ನೊಂದು ದಿನ ಕೊಡುವುದು ತಕ್ಕಡಿಯ ಮೇಲೆ ಬೆರಳಿಟ್ಟಂತೆ.

ಆರು ಜೋಡಿ ಮುಗಿದವು ಎನ್ನಿ. ಹಾಡು ಹಾಕಿದವುಗಳ ರೀಚ್ 2100, 900, 46000, 1600, 1300, 2400. ಅವುಗಳ ಜೋಡಿಯಾದ, ಕಾವಲಿ ಸದ್ದಿನವುಗಳದು 1400, 1800, 2300, 1600, 1625, 2000. ಸರಾಸರಿ ತೆಗೆದರೆ ಹಾಡಿನದು 9050, ಕಾವಲಿಯದು ಸುಮಾರು 1788. ಐದು ಪಟ್ಟು! ಇಂಥ ಐದು ಪಟ್ಟುಗಳನ್ನೇ ರೀಲ್ಸ್ ಪಾಠ ಹೇಳುವವರು ದೊಡ್ಡಕ್ಷರದಲ್ಲಿ ಬರೆಯುವುದು.

ಈಗ ಮೂರನೆಯ ಜೋಡಿಯನ್ನು ಪಕ್ಕಕ್ಕಿಡಿ. ಉಳಿದ ಐದರಲ್ಲಿ ಹಾಡಿನ ಸರಾಸರಿ 1660, ಕಾವಲಿಯದು 1685. ಹಾಡು ಕೂದಲೆಳೆಯಷ್ಟು ಹಿಂದೆ! ಐದು ಪಟ್ಟು ಪೂರ್ತಿ ನಿಂತಿದ್ದದ್ದು ಆ 46000 ಎಂಬ ಒಂದೇ ಕಾಲಿನ ಮೇಲೆ. ರೀಚ್‌ನ ಅಂಕಿಗಳ ಸ್ವಭಾವವೇ ಹೀಗೆ. ಅವು ಜನರ ಎತ್ತರದ ಹಾಗೆ ನಡುವಿನ ಸುತ್ತ ಗುಂಪುಗೂಡುವುದಿಲ್ಲ. ಆಸ್ತಿಯ ಹಾಗೆ, ಬಹಳ ಜನರ ಹತ್ತಿರ ಸ್ವಲ್ಪ, ಒಬ್ಬನ ಹತ್ತಿರ ರಾಶಿ. ಇಂಥ ಕಡೆ ಸರಾಸರಿ ಎಂಬುದು ಆ ಒಬ್ಬನ ಕಥೆಯನ್ನು ಎಲ್ಲರ ಕಥೆಯೆಂದು ಹೇಳಿಬಿಡುತ್ತದೆ.

ದಾರಿ ಏನೆಂದರೆ, ಪ್ರತಿ ಜೋಡಿಯನ್ನು ಪಟ್ಟಾಗಿ ಬರೆಯುವುದು: 1.5, 0.5, 20, 1, 0.8, 1.2. ಇವುಗಳನ್ನು ಕೂಡಿ ಭಾಗಿಸಬಾರದು; ಗುಣಿಸಿ ಆರನೇ ಮೂಲ ತೆಗೆಯಬೇಕು, ಅಂದರೆ ಲಾಗರಿದಮ್‌ನಲ್ಲಿ ಸರಾಸರಿ. ಆಗ ಇಮ್ಮಡಿಯಾದದ್ದೂ ಅರ್ಧವಾದದ್ದೂ ಒಂದಕ್ಕೊಂದು ವಜಾ ಆಗುತ್ತವೆ. ನಮ್ಮ ಆರು ಜೋಡಿಗೆ ಸುಮಾರು 1.56 ಪಟ್ಟು ಬರುತ್ತದೆ. ಸಾಲಾಗಿ ನಿಲ್ಲಿಸಿ ನಡುವಿನದನ್ನು ನೋಡಿದರೆ 1.1. ಒಂದೇ ದತ್ತಾಂಶದಿಂದ ಐದು, ಒಂದೂವರೆ, ಹೆಚ್ಚುಕಡಿಮೆ ಏನೂ ಇಲ್ಲ, ಮೂರೂ ಹೊರಟವು. ಆ 1.56ರ ಸುತ್ತಲಿನ ಅನಿಶ್ಚಯವನ್ನೂ ಲೆಕ್ಕ ಹಾಕಿದರೆ ಶೇಕಡ 95ರ ವ್ಯಾಪ್ತಿ 0.4 ಪಟ್ಟಿನಿಂದ 6 ಪಟ್ಟಿನವರೆಗೆ ಹರಡುತ್ತದೆ. ಹಾಡು ರೀಚನ್ನು ಅರ್ಧಕ್ಕಿಂತ ಕೆಳಗಿಳಿಸಿರಬಹುದು, ಆರು ಪಟ್ಟು ಏರಿಸಿಯೂ ಇರಬಹುದು. ಇದು ಪ್ರಾಮಾಣಿಕ ಉತ್ತರ. ಇದನ್ನು ಯಾರೂ ದೊಡ್ಡಕ್ಷರದಲ್ಲಿ ಬರೆಯುವುದಿಲ್ಲ.

ಆ 46000 ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆನಪಾಗುತ್ತದೆ. ಯಾರಿಗೂ ಗೊತ್ತಿಲ್ಲದ ಬ್ಯಾಂಡ್‌ಗಳ 48 ಹಾಡುಗಳನ್ನು ಅವರು ಜಾಲತಾಣದಲ್ಲಿಟ್ಟರು. ಬಂದವರು 14 ಸಾವಿರಕ್ಕೂ ಹೆಚ್ಚು. ಅವರನ್ನು ಯಾದೃಚ್ಛಿಕವಾಗಿ ಬೇರೆ ಬೇರೆ ‘ಲೋಕ’ಗಳಿಗೆ ಹಂಚಿದರು. ಎಂಟು ಲೋಕಗಳಲ್ಲಿ, ಆ ಲೋಕದವರು ಯಾವ ಹಾಡನ್ನು ಎಷ್ಟು ಸಲ ಡೌನ್‌ಲೋಡ್ ಮಾಡಿದ್ದಾರೆಂಬ ಲೆಕ್ಕ ಕಾಣುತ್ತಿತ್ತು. ಇನ್ನೊಂದು ಗುಂಪಿಗೆ ಕಾಣುತ್ತಿರಲಿಲ್ಲ. ಲೆಕ್ಕ ಕಾಣದ ಗುಂಪಿನಲ್ಲಿ 26ನೇ ಸ್ಥಾನದಲ್ಲಿದ್ದ ಹಾಡೊಂದು ಒಂದು ಲೋಕದಲ್ಲಿ ಮೊದಲನೆಯದಾಯಿತು, ಮತ್ತೊಂದರಲ್ಲಿ 40ನೆಯದಾಯಿತು. ಹಾಡು ಅದೇ. ಮೊದಲು ಬಂದ ನಾಲ್ಕಾರು ಜನ ಏನು ಒತ್ತಿದರೋ ಅದರ ಮೇಲೆ ಉಳಿದದ್ದು ಬೆಳೆಯಿತು. ರೀಲ್‌ನ ಮೊದಲ ಕೆಲವು ನೂರು ನೋಡುಗರೂ ಹಾಗೆಯೇ. ಅವರಲ್ಲಿ ಯಾರೋ ಮೂವರು ಅದನ್ನು ದೊಡ್ಡ ಗುಂಪುಗಳಿಗೆ ಕಳಿಸಿದರೆ ಕಥೆಯೇ ಬೇರೆ. ಆ ಮೂವರಿಗೂ ಹಾಡಿಗೂ ಸಂಬಂಧವಿರಲೇಬೇಕೆಂದಿಲ್ಲ.

ಅದೃಷ್ಟದ ಈ ಗದ್ದಲದ ನಡುವೆ ಹಾಡಿನ ದನಿ ಕೇಳಿಸಬೇಕಾದರೆ ಎಷ್ಟು ಜೋಡಿ ಬೇಕು? ಇದಕ್ಕೆ ಸರಳ ಲೆಕ್ಕವಿದೆ. ಜೋಡಿಯೊಳಗಿನ ಏರಿಳಿತ ಮಾಮೂಲಿಯಾಗಿ ಎರಡೂ ಮುಕ್ಕಾಲು ಪಟ್ಟಿನಷ್ಟಿದ್ದರೆ, ನಿಜವಾಗಿ ಎರಡು ಪಟ್ಟು ಏರಿಸುವ ಹಾಡನ್ನು ಐದರಲ್ಲಿ ನಾಲ್ಕು ಸಲವಾದರೂ ಹಿಡಿಯಲು ಹೆಚ್ಚುಕಡಿಮೆ 20 ಜೋಡಿ ಸಾಕು. ಪರಿಣಾಮ ಶೇಕಡ 30 ಮಾತ್ರ ಇದ್ದರೆ 116ಕ್ಕಿಂತ ಕಡಿಮೆ ಜೋಡಿ ಸಾಲದು, ಅಂದರೆ 232 ರೀಲ್. ದಿನಕ್ಕೊಂದರಂತೆ ಏಳು ತಿಂಗಳು ಮೀರುತ್ತದೆ. ಅಷ್ಟರಲ್ಲಿ ಹತ್ತಾರು ಹಾಡು ಬಂದು ಹೋಗಿರುತ್ತವೆ. ಆದ್ದರಿಂದ ಸಣ್ಣ ಖಾತೆಯಿಂದ ‘ಈ ಹಾಡು’ ಎಷ್ಟು ಎಳೆಯಿತು ಎಂದು ತಿಳಿಯುವ ಆಸೆ ಬಿಡಬೇಕು. ‘ಆ ವಾರ ಬಾಣ ಇದ್ದ ಯಾವುದಾದರೊಂದು ಹಾಡು’ ಸರಾಸರಿಯಾಗಿ ಎಷ್ಟು ಎಳೆಯುತ್ತದೆ ಎಂದಷ್ಟೇ ಕೇಳಬಹುದು. ಪ್ರಶ್ನೆ ಬದಲಾಗಿದೆ ಎಂಬ ಎಚ್ಚರ ಇರಬೇಕು, ಅಷ್ಟೆ.

ಇಲ್ಲಿಯವರೆಗೆ ಹಾಡನ್ನು ಒಂದೇ ಮುದ್ದೆಯಾಗಿ ಅಳೆದೆವು. ಗುರುತನ್ನೂ ಸದ್ದನ್ನೂ ಬಿಡಿಸಲು ರೀಲ್ ಮಾಡುವವರೇ ಕಂಡುಕೊಂಡ ಒಂದು ಚಾಳಿ ಉಪಯೋಗಕ್ಕೆ ಬರುತ್ತದೆ. ಅವರು ತಮ್ಮ ಮಾತನ್ನೇ ಜೋರಾಗಿಟ್ಟು, ಟ್ರೆಂಡಿಂಗ್ ಹಾಡನ್ನು ಕೇಳಿಸದಷ್ಟು ಸಣ್ಣ ವಾಲ್ಯೂಮ್‌ನಲ್ಲಿ ಹಿಂದೆ ಸೇರಿಸುತ್ತಾರೆ. ಕಿವಿಗೆ ಬೀಳದಿದ್ದರೂ ಹಾಡಿನ ಹೆಸರು ರೀಲ್‌ಗೆ ಅಂಟಿಕೊಳ್ಳಲಿ ಎಂದು. ಇದರಿಂದ ರೀಚ್ ಏರುತ್ತದೆ ಎಂಬ ಅವರ ನಂಬಿಕೆ ನಿಜವೋ ಸುಳ್ಳೋ, ಪ್ರಯೋಗಕ್ಕಂತೂ ಇದು ಚಿನ್ನ. ಜೋಡಿಯ ಬದಲು ಮೂರರ ಗುಂಪು ಕಟ್ಟಿ: ಒಂದರಲ್ಲಿ ಹಾಡು ಕೇಳುತ್ತದೆ, ಒಂದರಲ್ಲಿ ಹಾಡಿನ ಹೆಸರಿದೆ ಆದರೆ ಕೇಳುವುದು ಕಾವಲಿ, ಮೂರನೆಯದರಲ್ಲಿ ಹೆಸರೂ ಇಲ್ಲ, ಬರೀ ಕಾವಲಿ. ಎರಡನೆಯದಕ್ಕೂ ಮೂರನೆಯದಕ್ಕೂ ಕಿವಿಗೆ ಬೀಳುವುದರಲ್ಲಿ ವ್ಯತ್ಯಾಸವಿಲ್ಲ. ಆದ್ದರಿಂದ ಅವುಗಳ ನಡುವಿನ ಅಂತರ ಗುರುತಿನದು. ಮೊದಲನೆಯದಕ್ಕೂ ಎರಡನೆಯದಕ್ಕೂ ಹೆಸರು ಒಂದೇ; ಅಲ್ಲಿನ ಅಂತರ ಸದ್ದಿನದು. ಒಟ್ಟು ಒಂದೂವರೆ ಪಟ್ಟು ಎಂದು ಬಂದು, ಗುರುತಿನದು 1.2 ಪಟ್ಟು ಎಂದಾದರೆ ಸದ್ದಿನ ಪಾಲು 1.25 ಪಟ್ಟು, ಎರಡನ್ನೂ ಗುಣಿಸಿದರೆ ಮತ್ತೆ ಒಂದೂವರೆ. ಈ ಪ್ರಯೋಗಕ್ಕೆ 2024ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ ಪ್ರಕಟಿಸಿದ ‘ಟ್ರಯಲ್ ರೀಲ್ಸ್’ ಅನುಕೂಲ. ಅದರಲ್ಲಿ ಹಾಕಿದ್ದು ಮೊದಲು ಫಾಲೋವರ್ಸ್ ಅಲ್ಲದವರಿಗಷ್ಟೇ ಹೋಗುತ್ತದೆ. ನಮಗೆ ಬೇಕಾದವರೂ ಅವರೇ.

ಇಷ್ಟು ಕಷ್ಟಪಡದೆ ಒಂದೇ ವಿಡಿಯೊವನ್ನು ಹಾಡಿನೊಂದಿಗೆ ಮತ್ತು ಹಾಡಿಲ್ಲದೆ ನೋಡುವ ಅವಕಾಶ ಜಗತ್ತಿಗೆ ಒಮ್ಮೆ ತಾನಾಗಿಯೇ ಒದಗಿತ್ತು. 2024ರ ಜನವರಿ ಕೊನೆಗೆ ಯೂನಿವರ್ಸಲ್ ಮ್ಯೂಸಿಕ್ ಗ್ರೂಪ್ ಮತ್ತು ಟಿಕ್‌ಟಾಕ್ ನಡುವಿನ ಒಪ್ಪಂದ ಮುರಿಯಿತು. ಫೆಬ್ರವರಿಯ ಆರಂಭದಲ್ಲಿ ಆ ಕಂಪನಿಯ ಹಾಡುಗಳನ್ನು ಬಳಸಿದ್ದ ವಿಡಿಯೊಗಳು ಇದ್ದಲ್ಲಿಯೇ ಮೂಕವಾದವು. ಕುಣಿತ ಇದೆ, ಹಾಡಿಲ್ಲ. ಮೇ ತಿಂಗಳಲ್ಲಿ ಹೊಸ ಒಪ್ಪಂದವಾಗಿ ಹಾಡುಗಳು ಮರಳಿದವು. (2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿದ್ದರಿಂದ ಭಾರತದವರು ಇದನ್ನು ದೂರದಿಂದ ನೋಡಿದರು.) ಯಾವ ವಿಡಿಯೊ ಮೂಕವಾಗಬೇಕೆಂದು ನಿರ್ಧರಿಸಿದ್ದು ವಿಡಿಯೊ ಮಾಡಿದವರಲ್ಲ, ವಕೀಲರು. ನಾಣ್ಯದಷ್ಟಲ್ಲದಿದ್ದರೂ ನಾಣ್ಯಕ್ಕೆ ಹತ್ತಿರದ್ದು.

ಇದರಿಂದ ಪಾಠ ತೆಗೆಯುವ ಕ್ರಮ ಹೀಗೆ. ಯೂನಿವರ್ಸಲ್ ಹಾಡಿನ ವಿಡಿಯೊಗಳ ದಿನದ ವ್ಯೂಸ್ ಜನವರಿಯಿಂದ ಫೆಬ್ರವರಿಗೆ ಎಷ್ಟು ಇಳಿಯಿತು ಎಂದು ನೋಡಬೇಕು. ವಿಡಿಯೊ ಹಳತಾದಂತೆ ವ್ಯೂಸ್ ಹೇಗೂ ಇಳಿಯುತ್ತದೆ; ಆದ್ದರಿಂದ ಅದೇ ವಾರ ಹಾಕಿದ, ಆದರೆ ಸೋನಿ ಅಥವಾ ವಾರ್ನರ್ ಹಾಡು ಬಳಸಿದ ವಿಡಿಯೊಗಳ ಇಳಿಕೆಯನ್ನು ಅದರಿಂದ ಕಳೆಯಬೇಕು. ಉಳಿದದ್ದು ಸದ್ದು ಹೋದದ್ದರ ಬೆಲೆ. ಆದರೆ ಸದ್ದು ಹೋಗುವುದೂ ಟ್ರೆಂಡ್ ಇಲ್ಲದ ಬೇರೆ ಸದ್ದು ಇರುವುದೂ ಒಂದೇ ಅಲ್ಲ. ಮೂಕ ವಿಡಿಯೊ ಕೆಟ್ಟುಹೋದ ವಿಡಿಯೊದಂತೆ ಕಾಣುತ್ತದೆ, ಜನ ಅದಕ್ಕೇ ಜಾರುತ್ತಾರೆ. ಸಾಲದ್ದಕ್ಕೆ ಏಪ್ರಿಲ್‌ನಲ್ಲಿ, ಒಪ್ಪಂದಕ್ಕೂ ಮೊದಲೇ, ಟೇಲರ್ ಸ್ವಿಫ್ಟ್ ಹಾಡುಗಳು ಮರಳಿದವು. ಗಡಿ ಅಷ್ಟರಮಟ್ಟಿಗೆ ಮಸುಕಾಯಿತು. ಹೀಗಾಗಿ ಈ ಘಟನೆಯಿಂದ ಬರುವ ಅಂಕಿ ಆಡಿಯೊದ ಪರಿಣಾಮವನ್ನು ಹೆಚ್ಚಾಗಿಯೇ ತೋರಿಸುತ್ತದೆ ಎಂಬುದು ನನ್ನ ಅನಿಸಿಕೆ.

ಕೊನೆಗೆ ದೃಶ್ಯದ ಮಾತು. ಇಷ್ಟು ಹೊತ್ತು ದೃಶ್ಯವನ್ನು ಕದಲದಂತೆ ಹಿಡಿದಿಟ್ಟೆವು. ಆದರೆ ಹಾಡು ಹಾಕುವವರು ಯಾರೂ ದೃಶ್ಯವನ್ನು ಹಾಗೆಯೇ ಬಿಡುವುದಿಲ್ಲ. ತಾಳ ಬಿದ್ದ ಕಡೆ ಕಟ್ ಮಾಡುತ್ತಾರೆ, ಬೆಣ್ಣೆ ಬೀಳುವುದೂ ಡ್ರಮ್ ಬೀಳುವುದೂ ಒಟ್ಟಿಗೆ ಆಗುವಂತೆ ನೋಡಿಕೊಳ್ಳುತ್ತಾರೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್ 1926ರಲ್ಲಿಯೇ ಇಂಥದ್ದಕ್ಕೆ ದಾರಿ ತೋರಿಸಿದ್ದರು. ಗೊಬ್ಬರವನ್ನೊಮ್ಮೆ, ಬಿತ್ತುವ ಕಾಲವನ್ನೊಮ್ಮೆ ಬೇರೆ ಬೇರೆಯಾಗಿ ಪರೀಕ್ಷಿಸಬೇಡಿ. ಎಲ್ಲ ಬೆರಕೆಗಳನ್ನೂ ಒಟ್ಟಿಗೇ ಹೊಲಕ್ಕೆ ಹಾಕಿ ಎಂಬುದು ಅವರ ವಾದ. ನಮ್ಮ ಹೋಟೆಲಿನಲ್ಲಿ ಬೆರಕೆ ನಾಲ್ಕು. ಒಂದೇ ಶಾಟ್‌ನ ವಿಡಿಯೊ ಅಥವಾ ತಾಳಕ್ಕೆ ಕತ್ತರಿಸಿದ ವಿಡಿಯೊ, ಅದಕ್ಕೆ ಕಾವಲಿ ಸದ್ದು ಅಥವಾ ಹಾಡು.

ಅಳೆದಾಗ ಹೀಗೆ ಬಂತು ಎನ್ನಿ. ಒಂದೇ ಶಾಟ್, ಕಾವಲಿ ಸದ್ದು: ಮಾಮೂಲಿ ರೀಚ್ 1000. ಅದಕ್ಕೇ ಹಾಡು ಹಾಕಿದರೆ ಮತ್ತೆ 1000. ಕತ್ತರಿಸಿದ ವಿಡಿಯೊಗೆ ಕಾವಲಿ ಸದ್ದಿದ್ದರೆ 1100. ಕತ್ತರಿಸಿದ ವಿಡಿಯೊ, ಮೇಲೆ ಹಾಡು: 1800. ಈಗ ಹೇಳಿ, ಹಾಡಿನ ಪರಿಣಾಮ ಎಷ್ಟು? ಒಂದೇ ಶಾಟ್‌ನಲ್ಲಿ ಸೊನ್ನೆ. ಕತ್ತರಿಸಿದ್ದರಲ್ಲಿ ಸುಮಾರು 1.6 ಪಟ್ಟು. ಕಟ್‌ನ ಪರಿಣಾಮ ಎಷ್ಟು? ಹಾಡಿಲ್ಲದಾಗ ಶೇಕಡ 10, ಹಾಡಿದ್ದಾಗ 80. ಹೆಚ್ಚಾದ ಎಂಟು ನೂರರಲ್ಲಿ ನೂರು ಕಟ್‌ನದ್ದೆಂದು ಬಿಡಿಸಿಕೊಡಬಹುದು. ಉಳಿದ ಏಳು ನೂರು ಅವೆರಡೂ ಸೇರಿದ್ದರಿಂದ ಹುಟ್ಟಿದ್ದು. ಅದನ್ನು ಅರ್ಧರ್ಧ ಹಂಚುವ ಗಣಿತದ ವಿಧಾನಗಳಿವೆ, ಆದರೆ ಅದು ಒಪ್ಪಂದ, ಅಳತೆ ಅಲ್ಲ. ದೋಸೆಯ ರುಚಿಯಲ್ಲಿ ಹಿಟ್ಟಿನದೆಷ್ಟು, ಕಾವಲಿಯ ಕಾವಿನದೆಷ್ಟು ಎಂದು ಶೇಕಡಾವಾರು ಕೇಳಿದರೆ ಹೋಟೆಲಿನವರು ನಕ್ಕಾರು.

ಇನ್ನು ಮುಂದೆ ಯಾರಾದರೂ ನಿಮಗೆ ‘ಟ್ರೆಂಡಿಂಗ್ ಆಡಿಯೊ ಹಾಕಿದರೆ ರೀಚ್ ಐದು ಪಟ್ಟು’ ಎಂದು ಹೇಳಿದರೆ ಎರಡೇ ಪ್ರಶ್ನೆ ಕೇಳಿ. ಯಾವ ವಿಡಿಯೊಗೆ ಹಾಡು ಎಂದು ಆರಿಸಿದವರು ಯಾರು? ಎಲ್ಲಕ್ಕಿಂತ ಹೆಚ್ಚು ಓಡಿದ ಆ ಒಂದು ರೀಲನ್ನು ತೆಗೆದರೆ ಎಷ್ಟು ಉಳಿಯುತ್ತದೆ?